ಫೋಟೊ ನಿಮ್ಮದು, ಸಾಲು ಯಾರದು?

ಗೃಹಪ್ರವೇಶದ ಫೋಟೊದ ಕೆಳಗೆ ‘ಕನಸು ನನಸಾದ ಕ್ಷಣ’ ಎಂದಿರುತ್ತದೆ. ಮಗಳು ಕಪ್ಪು ಗೌನು ತೊಟ್ಟು ಪದವಿ ಪತ್ರ ಹಿಡಿದ ಫೋಟೊದ ಕೆಳಗೂ ಅದೇ. ಹೊಸ ಕಾರಿನ ಬಾನೆಟ್ ಮೇಲೆ ಹೂವಿನ ಹಾರ, ಚಕ್ರದಡಿ ನಿಂಬೆಹಣ್ಣು, ಕೆಳಗೆ ಮತ್ತೆ ಕನಸು, ಮತ್ತೆ ನನಸು. ನೋಡಿದವರು ‘ಅಭಿನಂದನೆಗಳು’ ಎಂದು ಒತ್ತಿ ಮುಂದೆ ಹೋಗುತ್ತಾರೆ. ಫೋಟೊ ಹಾಕಿದವರಿಗೆ ಆ ದಿನ ನಿಜಕ್ಕೂ ದೊಡ್ಡದು. ಅದನ್ನು ಹೇಳಬೇಕಾದ ಸಾಲು ಮಾತ್ರ ಊರೆಲ್ಲ ಬಳಸಿದ್ದು.

ಪತ್ರಿಕೆಗೆ ಬರೆಯುವವಳು ಎಂಬ ಕಾರಣಕ್ಕೆ ನಮ್ಮ ಬಳಗದಲ್ಲಿ ಈ ಕೆಲಸ ಆಗಾಗ ನನ್ನ ತಲೆಗೆ ಬರುತ್ತದೆ. ‘ಅಕ್ಕಾ, ಫೋಟೊ ಕಳಿಸಿದೀನಿ, ಎರಡು ಲೈನ್ ಬರೆದುಕೊಡು’ ಎಂದು ಫೋನು. ಬರೆದುಕೊಡುವ ಮೊದಲು ಅವರೇ ಬರೆದದ್ದನ್ನು ಕಳಿಸಲು ಹೇಳುತ್ತೇನೆ. ಹಾಗೆ ಬಂದ ಸಾಲುಗಳನ್ನು ನೋಡುತ್ತ ಹೋದರೆ ಅವು ಎಲ್ಲಿಂದ ಬಂದವು ಎಂಬುದು ಸುಲಭವಾಗಿ ತಿಳಿಯುತ್ತದೆ. ‘ನಿಮ್ಮೆಲ್ಲರ ಆಶೀರ್ವಾದ ಸದಾ ಹೀಗೇ ಇರಲಿ’ ಎಂಬುದು ಲಗ್ನಪತ್ರಿಕೆಯದು. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮಾದರಿಗಳ ಆಲ್ಬಮ್ ಮುಂದಿಟ್ಟು ‘ಯಾವುದು ಬೇಕು ನೋಡಿ’ ಎನ್ನುತ್ತಾರಲ್ಲ, ಅಲ್ಲಿಯದು. ‘ಪ್ರತ್ಯಕ್ಷವಾಗಿ, ಪರೋಕ್ಷವಾಗಿ ಸಹಕರಿಸಿದ ಎಲ್ಲರಿಗೂ’ ಎಂಬುದು ಸಭೆಯ ಕೊನೆಯ ವಂದನಾರ್ಪಣೆಯದು, ಜನ ಕುರ್ಚಿ ಬಿಟ್ಟು ಏಳುವಾಗ ಕೇಳಿಸುವಂಥದ್ದು. ‘ಜೀವನವೆಂಬ ಪಯಣದಲ್ಲಿ’ ಎಂದು ಶುರುವಾಗುವುದು ಬೆಳಗಿನ ವಾಟ್ಸ್‌ಆ್ಯಪ್ ಶುಭೋದಯದ್ದು.

ಸಿದ್ಧ ಮಾತು ನಮಗೆ ಹೊಸದಲ್ಲ, ಅದರ ಮೇಲೆ ನನಗೆ ಸಿಟ್ಟೂ ಇಲ್ಲ. ಹಳೆಯ ಕಾಗದಗಳೆಲ್ಲ ‘ಉಭಯಕುಶಲೋಪರಿ ಸಾಂಪ್ರತ’ ಎಂದೇ ಶುರುವಾಗುತ್ತಿದ್ದವು. ಆದರೆ ಆ ಸಾಲು ಮುಗಿದ ಕೂಡಲೇ ಸುದ್ದಿ ಬರುತ್ತಿತ್ತು: ಗೌರಿ ಹಸು ಕರು ಹಾಕಿದೆ, ಅಡಿಕೆಗೆ ಕೊಳೆ ಬಿದ್ದಿದೆ, ಸಣ್ಣವನು ಗಣಿತದಲ್ಲಿ ಡುಮ್ಕಿ. ಇವತ್ತಿನ ಕ್ಯಾಪ್ಶನ್ ಒಕ್ಕಣೆಯನ್ನು ಉಳಿಸಿಕೊಂಡು ಸುದ್ದಿಯನ್ನು ಬಿಟ್ಟಿದೆ. ತೊಂದರೆ ಇರುವುದು ಅಲ್ಲಿ. ಹಾಗಾಗಿ ನನ್ನ ಕೆಲಸ ಹೊಸ ಚೆಂದದ ಸಾಲು ಹುಡುಕುವುದಲ್ಲ, ಬಿಟ್ಟುಹೋದ ಸುದ್ದಿ ಏನೆಂದು ಕೇಳುವುದು.

ಒಂದು ಉದಾಹರಣೆ ಪೂರ್ತಿಯಾಗಿ ಹೇಳುತ್ತೇನೆ. ತುಮಕೂರಿನಲ್ಲಿರುವ ಚಿಕ್ಕಮ್ಮನ ಮಗ ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸಿದ. ಗೃಹಪ್ರವೇಶದ ಮರುದಿನ ಅವನು ಕಳಿಸಿದ್ದು ಇದು: ‘ಕನಸು ನನಸಾದ ಕ್ಷಣ. ಪದಗಳಲ್ಲಿ ಹೇಳಲಾಗದ ಸಂತೋಷ. ಜೀವನದ ಹೊಸ ಅಧ್ಯಾಯ ಆರಂಭ. ಸಹಕರಿಸಿದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು.’ ಕೆಳಗೆ ಕನಸಿನ ಬಗ್ಗೆ ಅಬ್ದುಲ್ ಕಲಾಂ ಅವರ ಹೆಸರಿನಲ್ಲಿ ಒಂದು ಸೂಕ್ತಿ.

ಇಂಥದ್ದನ್ನು ನಾನು ಪರೀಕ್ಷಿಸುವ ರೀತಿ ಸರಳ. ಅದೇ ಸಾಲುಗಳನ್ನು ಪಕ್ಕದ ರಸ್ತೆಯವರ ಗೃಹಪ್ರವೇಶದ ಫೋಟೊದ ಕೆಳಗೆ ಇಟ್ಟು ನೋಡುವುದು. ಒಂದಕ್ಷರ ಬದಲಿಸದೆ ಹೊಂದಿಕೊಂಡರೆ ಅದು ಇವನದಲ್ಲ. ಇದು ಅಲ್ಲಿಗಷ್ಟೇ ಅಲ್ಲ, ಅಂಗಡಿ ಉದ್ಘಾಟನೆಗೂ ಹೊಂದುತ್ತಿತ್ತು.

ಅವನನ್ನು ‘ಹೇಗನ್ನಿಸಿತು?’ ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ‘ತುಂಬಾ ಖುಷಿಯಾಯ್ತು’ ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೆ ನಿಲ್ಲುತ್ತದೆ. ಭಾವನೆಯ ಪ್ರಶ್ನೆಗೆ ಎಲ್ಲರ ಉತ್ತರವೂ ಒಂದೇ. ನಡೆದದ್ದರ ಪ್ರಶ್ನೆಗೆ ಹಾಗಲ್ಲ. ‘ಬಾಡಿಗೆ ಮನೆಯಲ್ಲಿ ಮಾಡೋಕಾಗದೆ ಇದ್ದಿದ್ದು, ಇಲ್ಲಿ ಮೊದಲು ಮಾಡಿದ್ದು ಏನೋ?’ ಎಂದೆ. ಸ್ವಲ್ಪ ಯೋಚಿಸಿ, ‘ಮೊಳೆ ಹೊಡೆದ್ವಿ ಅಕ್ಕ’ ಎಂದು ನಕ್ಕ. ಆಮೇಲೆ ತಾನಾಗಿ ಬಂತು. ಐದು ಬಾಡಿಗೆ ಮನೆ ಬದಲಿಸಿದ್ದು. ಗೋಡೆ ಹಾಳಾಗುತ್ತದೆಂದು ಒಬ್ಬ ಮಾಲೀಕರೂ ಮೊಳೆಗೆ ಒಪ್ಪದೆ ಇದ್ದದ್ದು. ತೀರಿಹೋದ ಅಪ್ಪನ ಫೋಟೊ ಬೀರುವಿನ ತಲೆಯ ಮೇಲೆ ಒರಗಿಕೊಂಡೇ ಇದ್ದದ್ದು. ಹಾಲು ಉಕ್ಕಿಸಿದ ಮೇಲೆ ಚಿಕ್ಕಮ್ಮ ಸುತ್ತಿಗೆ ಕೇಳಿ ಇಸಿದುಕೊಂಡದ್ದು. ಇದಿಷ್ಟನ್ನೂ ಅವನು ಫೋನಿನಲ್ಲಿ ಹೇಳಿದ ಕ್ರಮದಲ್ಲೇ ಟೈಪ್ ಮಾಡಲು ಹೇಳಿದೆ. ಕೊನೆಗೆ ಉಳಿದದ್ದು ಹೀಗೆ:

‘14 ವರ್ಷದಲ್ಲಿ ಐದು ಬಾಡಿಗೆ ಮನೆ. ಐದೂ ಕಡೆ ಓನರ್ ಹೇಳಿದ ಮೊದಲ ಮಾತು: ಗೋಡೆಗೆ ಮೊಳೆ ಹೊಡೀಬೇಡಿ. ಅಪ್ಪನ ಫೋಟೊ ಅಷ್ಟೂ ವರ್ಷ ಬೀರು ಮೇಲೇ ಇತ್ತು. ಭಾನುವಾರ ಹಾಲು ಉಕ್ಕಿಸಿದ ಮೇಲೆ ಅಮ್ಮನೇ ಮೊಳೆ ಹೊಡೆದು ಅಪ್ಪನ್ನ ಹಾಕಿದ್ರು. ಸ್ವಲ್ಪ ವಾಲಿದೆ. ಹಾಗೇ ಬಿಟ್ಟಿದ್ದೀವಿ.’

ಇದರಲ್ಲಿ ಸಂತೋಷ ಎಂಬ ಪದ ಇಲ್ಲ, ಕನಸೂ ಇಲ್ಲ. ಆದರೂ ಓದಿದವರಿಗೆ ಎರಡೂ ಸಿಗುತ್ತವೆ. ಬೇರೆಯವರ ಫೋಟೊದ ಕೆಳಗೆ ಇದನ್ನು ಇಡುವಂತೆಯೂ ಇಲ್ಲ, ಅವರ ಅಪ್ಪ ಬೀರುವಿನ ಮೇಲೆ ಇರಲಿಲ್ಲವಲ್ಲ.

ಇಷ್ಟಾದರೂ ಅವನಿಗೆ ಸಮಾಧಾನವಾಗಲಿಲ್ಲ. ಅರ್ಧ ಗಂಟೆ ಬಿಟ್ಟು ಕೊನೆಗೆ ಒಂದು ಸಾಲು ಸೇರಿಸಿ ಕಳಿಸಿದ: ‘ಮನೆ ಅಂದ್ರೆ ಬರೀ ಗೋಡೆಯಲ್ಲ, ಅದೊಂದು ಭಾವನೆ.’ ಬಹುಪಾಲು ಕ್ಯಾಪ್ಶನ್‌ಗಳು ಕೆಡುವುದು ಈ ಜಾಗದಲ್ಲಿ. ಮೊದಲ ಸಾಲಿನಿಂದ ಓಡಿಸಿದ ಎರವಲು ಮಾತು ಕೊನೆಯ ಸಾಲಾಗಿ ಹಿತ್ತಲ ಬಾಗಿಲಿನಿಂದ ಒಳಗೆ ಬರುತ್ತದೆ. ಇಷ್ಟು ಸಣ್ಣ ಸಂಗತಿಗೆ ದೊಡ್ಡ ಅರ್ಥ ಕೊಡದಿದ್ದರೆ ಜನ ಏನೆಂದುಕೊಳ್ಳುತ್ತಾರೋ ಎಂಬ ಅಳುಕು ಅದಕ್ಕೆ ಕಾರಣ. ‘ಹಾಗೇ ಬಿಟ್ಟಿದ್ದೀವಿ’ ಎಂಬಲ್ಲಿಗೆ ಹೇಳಬೇಕಾದದ್ದು ಮುಗಿದಿತ್ತು. ಮೇಲೆ ಸೇರಿದ್ದು ಅದರ ಟಿಪ್ಪಣಿ ಅಷ್ಟೆ, ಅದೂ ಪ್ಲೈವುಡ್ ಜಾಹೀರಾತಿನ ದನಿಯಲ್ಲಿ. ತೆಗೆಸಿದೆ. ಬರೆದು ಮುಗಿಸಿದ ಮೇಲೆ ಕೊನೆಯ ಸಾಲಿಗೆ ಬೆರಳಿಟ್ಟು ಮುಚ್ಚಿ ಓದಿ ನೋಡಿ. ಹತ್ತರಲ್ಲಿ ಎಂಟು ಸಲ ಅದು ಬೇಕಾಗಿರುವುದಿಲ್ಲ.

ಮೊದಲ ಸಾಲಿನ ಲೆಕ್ಕ ಬೇರೆ. ಇನ್‌ಸ್ಟಾಗ್ರಾಮ್‌ನಲ್ಲಿ 2,200 ಅಕ್ಷರಗಳವರೆಗೆ ಬರೆಯಬಹುದು, ಆದರೆ ಫೋಟೊದ ಕೆಳಗೆ ತೋರುವುದು ಆರಂಭದ ಒಂದೆರಡು ಸಾಲು ಮಾತ್ರ. ಉಳಿದದ್ದು ಬೇಕೆಂದರೆ ಒತ್ತಿ ತೆರೆಯಬೇಕು. ಆ ಜಾಗವನ್ನು ‘ಇಂದು ನನಗೆ ಅತ್ಯಂತ ಸಂತಸದ ದಿನ’ ಎಂಬುದಕ್ಕೆ ಕೊಟ್ಟರೆ ಮೊಳೆಯ ಕಥೆ ಒಳಗೇ ಉಳಿಯಿತು. ‘14 ವರ್ಷದಲ್ಲಿ ಐದು ಬಾಡಿಗೆ ಮನೆ’ ಎಂದು ಕಂಡರೆ ಮುಂದೇನಾಯಿತು ಎಂದು ಒತ್ತಿ ನೋಡುವವರಿದ್ದಾರೆ.

ದನಿ ತಪ್ಪುವುದಕ್ಕೆ ಇನ್ನೊಂದು ಕಾರಣವಿದೆ. ಬಾಯಲ್ಲಿ ‘ಹೊಡೆದ್ರು’ ಎನ್ನುವವರು ಕೀಲಿಮಣೆ ಕಂಡೊಡನೆ ‘ಹೊಡೆದರು’ ಎನ್ನುತ್ತಾರೆ, ಅದರ ಬೆನ್ನಿಗೇ ‘ಭಾವಪರವಶ’, ‘ಅವಿಸ್ಮರಣೀಯ’ ಎಲ್ಲ ಸಾಲಾಗಿ ಬಂದು ನಿಲ್ಲುತ್ತವೆ. ಧಾರವಾಡದವರು ‘ಮನಿ ಕಟ್ಟಿಸೇವಿ’ ಎಂದು, ಮಂಗಳೂರಿನವರು ‘ಮನೆ ಆಯ್ತು ಮಾರಾಯ್ರೆ’ ಎಂದು ಬರೆದರೆ ಓದುವವರ ಕಿವಿಯಲ್ಲಿ ಅವರ ದನಿಯೇ ಕೇಳುತ್ತದೆ. ಇಡೀ ಕ್ಯಾಪ್ಶನ್ ಆಡುಮಾತಿನಲ್ಲೇ ಇರಬೇಕೆಂದಲ್ಲ. ನಮ್ಮ ಮೇಷ್ಟ್ರೊಬ್ಬರು ಮನೆಯಲ್ಲೂ ಗ್ರಾಂಥಿಕವಾಗಿಯೇ ಮಾತಾಡುತ್ತಿದ್ದರು, ಅವರ ದನಿ ಅದೇ. ಸೋದರತ್ತೆಗೆ ಫೋನಿನಲ್ಲಿ ಹೇಳುವಾಗ ನಿಮ್ಮ ಬಾಯಿಗೆ ಬಾರದ ಪದ ಅಲ್ಲಿ ಬೇಡ, ಇಷ್ಟೇ.

ಈಗ ಆ ಕಲಾಂ ಸೂಕ್ತಿಯ ವಿಚಾರ. ದೊಡ್ಡವರ ಹೆಸರು ಹೊತ್ತು ತಿರುಗುವ ಎಷ್ಟೋ ಮಾತುಗಳನ್ನು ಅವರು ಆಡಿದ್ದಕ್ಕೆ ಆಧಾರವೇ ಸಿಗುವುದಿಲ್ಲ. ಕನ್ನಡದ ಹಳೆಯ ಸಾಲುಗಳಿಗೆ ನಮ್ಮವರು ಅಂಕಿತವನ್ನು ಇಟ್ಟಿದ್ದಾರೆ. ಬಸವಣ್ಣನವರ ವಚನ ಕೂಡಲಸಂಗಮದೇವನಲ್ಲಿ ಮುಗಿಯುತ್ತದೆ, ಅಕ್ಕಮಹಾದೇವಿಯದು ಚೆನ್ನಮಲ್ಲಿಕಾರ್ಜುನನಲ್ಲಿ, ಅಲ್ಲಮನದು ಗುಹೇಶ್ವರನಲ್ಲಿ. 1943ರಲ್ಲಿ ಪ್ರಕಟವಾದ ಡಿ.ವಿ.ಜಿ.ಯವರ ಕಗ್ಗದ ಪದ್ಯಗಳು ನಾಲ್ಕು ಸಾಲಿನವು, ಮಂಕುತಿಮ್ಮ ಎಂಬ ಅಂಕಿತದವು. ಗದ್ಯದ ಎರಡು ಸಾಲು ಬರೆದು ಕೆಳಗೆ ‘ಡಿ.ವಿ.ಜಿ., ಕಗ್ಗ’ ಎಂದಿದ್ದರೆ ಅದು ಪದ್ಯದ ಅರ್ಥವನ್ನು ಯಾರೋ ತಮ್ಮ ಮಾತಿನಲ್ಲಿ ಬರೆದದ್ದಿರಬೇಕು, ಇಲ್ಲವೇ ಕಗ್ಗವೇ ಅಲ್ಲ. ಆದರೆ ಸಾಲು ಅಸಲಿಯೇ ಆಗಿದ್ದರೂ ಪ್ರಶ್ನೆ ಉಳಿಯುತ್ತದೆ: ಅದು ನಿಮ್ಮ ಮನೆಗೆ ಹೇಗೆ ಬಂತು? ಅಜ್ಜ ದಿನಾ ಬೆಳಿಗ್ಗೆ ಹಂಡೆಗೆ ಉರಿ ಹಾಕುತ್ತ ಹೇಳುತ್ತಿದ್ದ ಪದ್ಯವಾದರೆ ಧಾರಾಳವಾಗಿ ಹಾಕಿ, ಅಜ್ಜನನ್ನೂ ಹಂಡೆಯನ್ನೂ ಸೇರಿಸಿಯೇ ಹಾಕಿ. ಗೂಗಲ್‌ನಲ್ಲಿ ‘ಮನೆ ಬಗ್ಗೆ ನುಡಿಮುತ್ತು’ ಎಂದು ಹುಡುಕಿದಾಗ ಸಿಕ್ಕಿದ್ದಾದರೆ ಬೇಡ.

ಕೃತಜ್ಞತೆಯಲ್ಲೂ ಇದೇ ತಕರಾರು. ‘ಎಲ್ಲರಿಗೂ’ ಎಂದಾಗ ಯಾರಿಗೂ ಮುಟ್ಟುವುದಿಲ್ಲ. ಒಬ್ಬರು ಮಾಡಿದ ಒಂದು ಕೆಲಸ ಹೇಳಿದರೆ ಮುಟ್ಟುತ್ತದೆ. ನಮ್ಮ ಹುಡುಗ ಮರುದಿನ ಬೇರೆ ಫೋಟೊ ಹಾಕಿ, ಮೋಲ್ಡ್ ಹಾಕಿದ ರಾತ್ರಿ ಮಳೆ ಬಂದಾಗ ಮೇಸ್ತ್ರಿ ತಾನೇ ಬಂದು ಟಾರ್ಪಾಲು ಹೊದಿಸಿದ್ದನ್ನು ಬರೆದ. ಆ ಪೋಸ್ಟನ್ನು ಮೇಸ್ತ್ರಿ ತಮ್ಮ ಸ್ಟೇಟಸ್‌ಗೆ ಹಾಕಿಕೊಂಡರು.

ಸ್ವಂತದ್ದನ್ನು ಬರೆಯುವುದೆಂದರೆ ಎಲ್ಲವನ್ನೂ ಬರೆಯುವುದಲ್ಲ. ಸಾಲದ ಮೊತ್ತ, ಮಗುವಿನ ಶಾಲೆ, ಮನೆಯ ವಿಳಾಸ ಕ್ಯಾಪ್ಶನ್‌ಗೆ ಬೇಕಿಲ್ಲ. ಅಮ್ಮನ ಕಾಯಿಲೆ, ಹೆಂಡತಿ ಅಡವಿಟ್ಟ ಬಳೆ ಇವು ಅವರವರ ಸುದ್ದಿ, ಕೇಳಿಯೇ ಬರೆಯಬೇಕು. ಮೊಳೆಯ ವಿಷಯವನ್ನೂ ಚಿಕ್ಕಮ್ಮನಿಗೆ ಹೇಳಿಯೇ ಹಾಕಿದ್ದು. ಸಾವಿನ ಸುದ್ದಿಯಲ್ಲಂತೂ ನಾನು ಸಿದ್ಧ ಮಾತಿನ ಪರ. ಅಂಥ ಹೊತ್ತಿನಲ್ಲಿ ‘ಓಂ ಶಾಂತಿ’ಗಿಂತ ಜಾಣತನದ ಸಾಲು ಯಾರಿಗೂ ಬೇಡ.

ನಿವೃತ್ತಿ, ಹುಟ್ಟುಹಬ್ಬ, ಮದುವೆಯ ಇಪ್ಪತ್ತೈದು ವರ್ಷ, ಎಲ್ಲಕ್ಕೂ ಕೇಳಬೇಕಾದದ್ದು ಹೆಚ್ಚೂಕಡಿಮೆ ಅದೇ: ನಿನ್ನೆವರೆಗೆ ಇದ್ದು ಇವತ್ತು ಇಲ್ಲದ್ದು ಏನು, ಇವತ್ತು ಹೊಸದಾಗಿ ಬಂದದ್ದೇನು? ನಿವೃತ್ತರಾಗುವ ಬಸ್ ಕಂಡಕ್ಟರ್ ಒಬ್ಬರು ‘ಸುದೀರ್ಘ ಸೇವೆ, ಸಾರ್ಥಕ ಬದುಕು’ ಎಂದು ಬರೆಯಬಹುದು. ‘31 ವರ್ಷ ಚಿಲ್ಲರೆ ಕೊಡಿ ಅಂತ ಜಗಳ ಆಡಿದೆ. ಇನ್ನು ಬಸ್ ಹತ್ತಿದ್ರೆ ಚಿಲ್ಲರೆ ನಾನೇ ಹುಡುಕಬೇಕು’ ಎಂದೂ ಬರೆಯಬಹುದು. ಎರಡನೆಯದನ್ನು ಅವರೇ ಬರೆಯಬೇಕು, ಎರವಲು ಸಿಗುವುದಿಲ್ಲ.

ಮುಂದಿನ ಸಲ ಫೋಟೊ ಹಾಕುವ ಮೊದಲು, ಆ ದಿನ ನಿಮ್ಮ ಜೊತೆ ಇದ್ದವರೊಬ್ಬರಿಗೆ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿ. ‘ಚೆನ್ನಾಗಿದೆ’ ಎಂದಷ್ಟೇ ಹೇಳಿ ಸುಮ್ಮನಾದರೆ ಇನ್ನೊಮ್ಮೆ ಬರೆಯಿರಿ. ‘ಐದಲ್ಲ, ಆರು ಮನೆ, ಶಿರಾ ಗೇಟಿನದು ಬಿಟ್ಟಿದ್ದೀಯ’ ಎಂದು ತಿದ್ದಲು ಬಂದರೆ, ತಿದ್ದಿಕೊಂಡು ಹಾಕಿ.