ನಕ್ಷೆಯಲ್ಲಿ 170 ಮೀಟರ್ ಸರಿಯುವ ಹೊಲ: ಅಗಡಿಯ ಒಂದು ಲೆಕ್ಕ

ಹಾವೇರಿ ತಾಲ್ಲೂಕಿನ ಅಗಡಿಯಲ್ಲಿ ನಾಲ್ಕು ಎಕರೆಯ ಒಂದು ಚೌಕ ಹೊಲ ಇದೆ ಅಂದುಕೊಳ್ಳಿ. ಅದರ ಒಂದು ಬದಿ ಸುಮಾರು 127 ಮೀಟರ್ ಆಗುತ್ತೆ. ಈಗ ಹಳೆಯ ಸರ್ವೆ ಆಫ್ ಇಂಡಿಯಾ ಹಾಳೆ ನೋಡಿ ಗೆರೆ ಎಳೆದ ಒಂದು ಕಾಲುವೆ ನಕ್ಷೆಯನ್ನು, ಮೊಬೈಲ್ ಜಿಪಿಎಸ್ ಹಿಡಿದು ಬದುವಿನ ಮೇಲೆ ನಡೆದು ಮಾಡಿಕೊಂಡ ಹೊಲದ ನಕ್ಷೆಯ ಮೇಲೆ ಹಾಗೇ ಇಟ್ಟರೆ, ಕಾಲುವೆ ತನ್ನ ನಿಜವಾದ ಜಾಗದಿಂದ ಸುಮಾರು 170 ಮೀಟರ್ ದೂರ ಕಾಣಿಸುತ್ತೆ. ಅಂದ್ರೆ ಇಡೀ ಹೊಲಕ್ಕಿಂತ ದೊಡ್ಡ ತಪ್ಪು. ಕಾಲುವೆ ನಿಮ್ಮ ಹೊಲ ಹಾಯ್ದು ಹೋಗುತ್ತಿದ್ದರೂ ಪರದೆಯ ಮೇಲೆ ಅದು ಪಕ್ಕದವರ ಹೊಲದಲ್ಲಿ ಹರಿಯುತ್ತಿರುತ್ತೆ.

ಈಗ ಊರೂರಿನಲ್ಲಿ ಲ್ಯಾಪ್‌ಟಾಪ್ ಇರುವ ಹುಡುಗ ಹುಡುಗಿಯರು ಆರ್‌ಟಿಐನಲ್ಲಿ ನಕ್ಷೆ ತೆಗೆಸಿ, ಉಚಿತವಾಗಿ ಸಿಗುವ ಕ್ಯೂಜಿಐಎಸ್ ಸಾಫ್ಟ್‌ವೇರಿನಲ್ಲಿ ಒಂದರ ಮೇಲೊಂದು ಇಟ್ಟು ನೋಡುತ್ತಿದ್ದಾರೆ. ನನ್ನ ಮಟ್ಟಿಗೆ ಇದು ಒಳ್ಳೆಯ ಬೆಳವಣಿಗೆ. ಆದರೆ 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಪ್ರಾಥಮಿಕ ಅಧಿಸೂಚನೆ ಬಂದ ಮೇಲೆ ಆಕ್ಷೇಪಣೆ ಸಲ್ಲಿಸೋಕೆ ಇರೋದು 60 ದಿನ. ಅಷ್ಟರೊಳಗೆ ಕೊಟ್ಟ ನಕ್ಷೆಯೇ 170 ಮೀಟರ್ ಸರಿದಿದ್ದರೆ, ಎದುರಿನ ಎಂಜಿನಿಯರ್ ಅದನ್ನು ಒಂದೇ ನಿಮಿಷದಲ್ಲಿ ಬದಿಗಿಡುತ್ತಾನೆ. ಅದರ ಜೊತೆಗೆ ನಿಮ್ಮ ನ್ಯಾಯವಾದ ತಕರಾರೂ ಬದಿಗೆ ಹೋಗುತ್ತೆ.

ಈ 170 ಮೀಟರ್ ಎಲ್ಲಿಂದ ಬಂತು? ಭೂಮಿ ಪೂರ್ತಿ ದುಂಡಗಿಲ್ಲ, ಕಿತ್ತಳೆಯ ಹಾಗೆ ಮೇಲೆ ಕೆಳಗೆ ಸ್ವಲ್ಪ ಚಪ್ಪಟೆ. ನಕ್ಷೆ ಮಾಡೋರು ಮೊದಲು ಈ ಕಿತ್ತಳೆಯ ಅಳತೆ ಎಷ್ಟು ಅಂತ ನಿರ್ಧರಿಸಬೇಕು, ಆಮೇಲೆ ಅದನ್ನು ಭೂಮಿಯ ಮೇಲೆ ಎಲ್ಲಿ ಕೂರಿಸೋದು ಅಂತ ನಿರ್ಧರಿಸಬೇಕು. ಈ ಎರಡು ತೀರ್ಮಾನ ಸೇರಿದರೆ ಡೇಟಮ್. 1830ರಲ್ಲಿ ಜಾರ್ಜ್ ಎವರೆಸ್ಟ್ ಲೆಕ್ಕ ಹಾಕಿದ ಕಿತ್ತಳೆಯನ್ನು ಮಧ್ಯಪ್ರದೇಶದ ಕಲ್ಯಾಣಪುರವನ್ನು ಮೂಲಬಿಂದು ಮಾಡಿಕೊಂಡು ಭಾರತಕ್ಕೆ ಹೊಂದುವಂತೆ ಕೂರಿಸಿದರು. ನಮ್ಮ ಹಳೆಯ ಟೋಪೊ ಹಾಳೆಗಳೆಲ್ಲ ಇದರ ಮೇಲೇ ನಿಂತಿವೆ. ಹಾವೇರಿ ಸೀಮೆ ಬರೋದು ಅವುಗಳಲ್ಲಿ 48N ಗುಂಪಿನ ಹಾಳೆಗಳಲ್ಲಿ. ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84 ಬೇರೆ ಕಿತ್ತಳೆ. ಸಮಭಾಜಕದ ಹತ್ತಿರ ಅದರ ತ್ರಿಜ್ಯ ಎವರೆಸ್ಟಿನದಕ್ಕಿಂತ 800 ಮೀಟರಿಗೂ ಹೆಚ್ಚು ದೊಡ್ಡದು, ಕೇಂದ್ರವೂ ಬೇರೆ ಕಡೆ. 2005ರ ರಾಷ್ಟ್ರೀಯ ನಕ್ಷೆ ನೀತಿಯ ನಂತರ ಸಾರ್ವಜನಿಕರಿಗೆ ಕೊಡುವ ಓಪನ್ ಸೀರೀಸ್ ಹಾಳೆಗಳು ಡಬ್ಲ್ಯೂಜಿಎಸ್ 84ಕ್ಕೆ ಬಂದವು. ಆದರೆ ಅದಕ್ಕೂ ಮುಂಚಿನ ಹಾಳೆಗಳಿಂದ ಇಳಿಸಿಕೊಂಡ ಕಾಲುವೆ, ರಸ್ತೆ, ಕೆರೆಗಳ ಫೈಲುಗಳು ಇನ್ನೂ ಕೈಯಿಂದ ಕೈಗೆ ಓಡಾಡುತ್ತಲೇ ಇವೆ.

ಎರಡು ಕೇಂದ್ರಗಳ ನಡುವಿನ ಅಂತರವನ್ನು ಭಾರತಕ್ಕೆ ಸಾಮಾನ್ಯವಾಗಿ ಮೂರು ಅಂಕಿಯಲ್ಲಿ ಹೇಳುತ್ತಾರೆ: ಮೂರು ದಿಕ್ಕಿನಲ್ಲಿ 295, 736, 257 ಮೀಟರ್. ಇವನ್ನು ನೇರವಾಗಿ ನಕ್ಷೆಗೆ ಕೂಡಿಸೋ ಹಾಗಿಲ್ಲ, ಯಾಕಂದ್ರೆ ಇವು ಭೂಮಿಯ ಹೊಟ್ಟೆಯೊಳಗಿನ ಅಂತರ. ಹಾವೇರಿ ಸುತ್ತಿನ ಅಕ್ಷಾಂಶ 14.8, ರೇಖಾಂಶ 75.4 ಇಟ್ಟು ನಾನು ಲೆಕ್ಕ ಹಾಕಿದಾಗ ನೆಲದ ಮೇಲೆ ಬಂದ ಉತ್ತರ ಇದು: ಎವರೆಸ್ಟ್ ಅಕ್ಷಾಂಶಕ್ಕೆ ಸುಮಾರು 138 ಮೀಟರ್ ಕೂಡಿಸಬೇಕು, ರೇಖಾಂಶದಲ್ಲಿ ಸುಮಾರು 100 ಮೀಟರ್ ಕಳೆಯಬೇಕು. ಹಾಗೆ ಮಾಡದೆ ಬಿಟ್ಟರೆ ಹಳೆಯ ಕಾಲುವೆ ದಕ್ಷಿಣಕ್ಕೆ 138, ಪೂರ್ವಕ್ಕೆ 100 ಸರಿದು ಕೂರುತ್ತೆ. ಕರ್ಣದ ಲೆಕ್ಕದಲ್ಲಿ 170. ಬ್ಯಾಡಗಿಗೋ ರಾಣೆಬೆನ್ನೂರಿಗೋ ಹೋದರೂ ಈ ಅಂಕಿ ಹೆಚ್ಚು ಬದಲಾಗಲ್ಲ. ಬೇರೆ ಜಿಲ್ಲೆಯವರು ಮಾತ್ರ ಇದನ್ನು ಕಾಪಿ ಮಾಡದೆ ತಮ್ಮ ಊರಿನ ಲೆಕ್ಕ ಹಾಕಿಕೊಳ್ಳಬೇಕು.

ಇದರಿಂದ ತಪ್ಪನ್ನು ಗುರುತಿಸೋ ದಾರಿಯೂ ಸಿಗುತ್ತೆ. ಎರಡೂ ಲೇಯರಿನಲ್ಲಿ ಕಾಣುವ, ಒಂದಕ್ಕೊಂದು ದೂರ ಇರುವ ಮೂರು ಗುರುತು ಹುಡುಕಿ: ಒಂದು ಸೇತುವೆ, ಒಂದು ಕೆರೆಯ ಕೋಡಿ, ಒಂದು ರಸ್ತೆ ಕೂಡು. ಪ್ರತಿಯೊಂದರಲ್ಲೂ ಪೂರ್ವ ಪಶ್ಚಿಮಕ್ಕೆ ಎಷ್ಟು, ಉತ್ತರ ದಕ್ಷಿಣಕ್ಕೆ ಎಷ್ಟು ತಪ್ಪಿದೆ ಅಂತ ಬೇರೆ ಬೇರೆ ಬರೆದುಕೊಳ್ಳಿ. ಮೂರೂ ಕಡೆ ಹೆಚ್ಚುಕಡಿಮೆ ಅದೇ 100, ಅದೇ 138, ಅದೇ ದಿಕ್ಕು ಬಂದರೆ ಅದು ಡೇಟಮ್ ತಪ್ಪು. ಪೂರ್ವದ್ದು 100ರ ಆಸುಪಾಸಿನಲ್ಲೇ ಇದ್ದು ದಕ್ಷಿಣದ್ದು 260ರ ಹತ್ತಿರ ಬಂದರೂ ಅದೇ ಕಾಯಿಲೆ. ಆಗ ಫೈಲು ಡಿಗ್ರಿಯಲ್ಲಿ ಇರೋದಿಲ್ಲ, ಎವರೆಸ್ಟ್ ಮೇಲಿನ ಯುಟಿಎಂ ಮೀಟರಿನಲ್ಲಿ ಇರುತ್ತೆ. ಲೇಯರು ಆಫ್ರಿಕಾದ ಪಕ್ಕದ ಸಮುದ್ರದಲ್ಲಿ ಹೋಗಿ ಬಿದ್ದಿದ್ದರೆ ಅದು ಡೇಟಮ್ ಅಲ್ಲ, ಡಿಗ್ರಿಯನ್ನು ಮೀಟರ್ ಅಂತ ಓದಿಸಿದ ತಪ್ಪು. ಮೂರು ಕಡೆ ಮೂರು ಥರ ಬಂದರೆ ಅದು ಇನ್ನೊಂದೇ ಕಥೆ, ಅದಕ್ಕೆ ಆಮೇಲೆ ಬರ್ತೀನಿ.

ಡೇಟಮ್ ತಪ್ಪು ಅಂತ ಗೊತ್ತಾದ ಮೇಲೆ ಜನ ಸಾಮಾನ್ಯವಾಗಿ ಲೇಯರನ್ನು ಮೌಸಿನಲ್ಲಿ ಹಿಡಿದು ಎಳೆದು ಉಪಗ್ರಹ ಚಿತ್ರಕ್ಕೆ ಕೂರಿಸುತ್ತಾರೆ. ಬೇಡ. ಎಷ್ಟು ಎಳೆದಿರಿ ಅಂತ ನಾಳೆ ಕೇಳಿದರೆ ಉತ್ತರ ಇರಲ್ಲ. ಅದರ ಬದಲು ಎರಡು ಹೆಜ್ಜೆ ಇವೆ, ಅವುಗಳ ಕ್ರಮ ತಪ್ಪಬಾರದು. ಮೊದಲನೆಯದು, ಫೈಲಿನಲ್ಲಿರುವ ಅಂಕಿಗಳು ಯಾವ ಡೇಟಮಿನವು ಅಂತ ಸತ್ಯ ಹೇಳೋದು. ಕ್ಯೂಜಿಐಎಸ್‌ನಲ್ಲಿ ಇದಕ್ಕೆ `Set Layer CRS` ಅಂತ ಇದೆ. ಇದು ಬರೀ ಹೆಸರಿನ ಚೀಟಿ ಅಂಟಿಸುತ್ತೆ, ಅಂಕಿ ಮುಟ್ಟಲ್ಲ. ಎರಡನೆಯದು `Reproject Layer`, ಇದು ನಿಜವಾಗಿ ಅಂಕಿ ಬದಲಿಸಿ ಹೊಸ ಫೈಲು ಕೊಡುತ್ತೆ. ಹಳೆಯ ಹಾಳೆಯ ಫೈಲಿಗೆ ಮೊದಲ ಹೆಜ್ಜೆಯಲ್ಲೇ ಡಬ್ಲ್ಯೂಜಿಎಸ್ 84ರ ಚೀಟಿ ಅಂಟಿಸಿಬಿಟ್ಟರೆ ಸುಳ್ಳು ಹೇಳಿದ ಹಾಗಾಯ್ತು. ಆಮೇಲೆ ಎಷ್ಟು ಸಲ ಬದಲಿಸಿದರೂ 170 ಮೀಟರ್ ಅಲ್ಲೇ ಇರುತ್ತೆ.

ಭಾರತದ ಎವರೆಸ್ಟ್ ಡೇಟಮಿಗೆ ಡಿಗ್ರಿಯಲ್ಲಿ ಹಾಕಬೇಕಾದ ಚೀಟಿ `EPSG:4146`, ಪಟ್ಟಿಯಲ್ಲಿ ಅದರ ಹೆಸರು `Kalianpur 1975`. ಅದೇ ಪಟ್ಟಿಯಲ್ಲಿ `Indian 1975` ಅಂತ ಇನ್ನೊಂದಿದೆ. ಹೆಸರು ನೋಡಿ ಅದನ್ನೇ ಒತ್ತಬೇಡಿ, ಅದು ಥಾಯ್ಲೆಂಡಿನದು. ಕಮಾಂಡಿನಲ್ಲಿ ಎರಡೂ ಹೆಜ್ಜೆ ಒಂದೇ ಸಾಲಿನಲ್ಲಿ ಮುಗಿಯುತ್ತೆ:

```
ogr2ogr -s_srs EPSG:4146 -t_srs EPSG:32643 kaluve_utm.gpkg kaluve_hale.shp
```

ಇಲ್ಲಿ `-s_srs` ಅಂದ್ರೆ ಇರೋದು ಯಾವುದು, `-t_srs` ಅಂದ್ರೆ ಬೇಕಾಗಿರೋದು ಯಾವುದು. ಮುಗಿದ ಮೇಲೆ ಅದೇ ಸೇತುವೆ, ಕೋಡಿ, ರಸ್ತೆ ಕೂಡುಗಳಿಗೆ ವಾಪಸ್ ಹೋಗಿ ಅಳೆಯಿರಿ. ತಪ್ಪು ಸೊನ್ನೆ ಆಗಲ್ಲ. ಇಡೀ ದೇಶಕ್ಕೆ ಒಂದೇ ಆ ಮೂರು ಅಂಕಿಗಳಿಗೇ ಪ್ರತಿ ದಿಕ್ಕಿನಲ್ಲಿ 10ರಿಂದ 15 ಮೀಟರ್ ಅನಿಶ್ಚಿತತೆ ಇದೆ. 170 ಹೋಗಿ 15, 20 ಉಳಿದರೆ ಕೆಲಸ ಸರಿಯಾಗಿದೆ ಅಂತ. ಕಾಲುವೆ ಯಾವ ಸರ್ವೆ ನಂಬರಿನ ಕಡೆ ಬರುತ್ತೆ ಅನ್ನೋಕೆ ಇದು ಸಾಕು. ಯಾರದು ಎಷ್ಟು ಗುಂಟೆ ಹೋಗುತ್ತೆ ಅನ್ನೋಕೆ ಸಾಲದು.

ಕೊನೆಗೆ ಎಲ್ಲ ಲೇಯರನ್ನೂ ತರಬೇಕಾದ ಜಾಗ ಯಾಕೆ `EPSG:32643`? ಅದು ಡಬ್ಲ್ಯೂಜಿಎಸ್ 84ರ ಯುಟಿಎಂ 43ನೇ ವಲಯ, ರೇಖಾಂಶ 72ರಿಂದ 78ರವರೆಗೆ. ಅದರ ನಡುಗೆರೆ 75, ಹಾವೇರಿ ಆ ಗೆರೆಯ ಪಕ್ಕದಲ್ಲೇ ಇದೆ. ಇಲ್ಲಿ ಒಂದು ಕಿಲೋಮೀಟರ್ ಅಳೆದರೆ 40 ಸೆಂಟಿಮೀಟರಿಗೂ ಕಡಿಮೆ ತಪ್ಪು ಬರುತ್ತೆ, ನಾಲ್ಕು ಎಕರೆಯಲ್ಲಿ ಒಂದು ಗುಂಟೆಯ ಎಂಟನೇ ಒಂದು ಭಾಗ. (ಕೋಲಾರದವರು 78 ದಾಟುತ್ತಾರೆ, ಅವರಿಗೆ 44ನೇ ವಲಯ.) ಉಪಗ್ರಹ ಚಿತ್ರದ ಹಿನ್ನೆಲೆ ಹಾಕಿದಾಗ ಪ್ರಾಜೆಕ್ಟ್ ಎಷ್ಟೋ ಸಲ `EPSG:3857`ರಲ್ಲಿ ಉಳಿದುಬಿಡುತ್ತೆ. ವೆಬ್ ನಕ್ಷೆಗಳಿಗೆಂದು ಮಾಡಿದ ಈ ಪ್ರೊಜೆಕ್ಷನ್ ಸಮಭಾಜಕದಿಂದ ದೂರ ಹೋದಷ್ಟೂ ನೆಲವನ್ನು ಹಿಗ್ಗಿಸುತ್ತೆ. ಹಾವೇರಿಯ ಅಕ್ಷಾಂಶದಲ್ಲಿ ವಿಸ್ತೀರ್ಣ ಶೇ. 7.6ರಷ್ಟು ಉಬ್ಬುತ್ತೆ. ನಮ್ಮ ನಾಲ್ಕು ಎಕರೆ 4 ಎಕರೆ 12 ಗುಂಟೆ ಅಂತ ತೋರಿಸುತ್ತೆ. ಪಹಣಿಯಲ್ಲಿ ನಾಲ್ಕೇ ಎಕರೆ ಬರೆದಿದೆ, 12 ಗುಂಟೆ ನುಂಗಿದ್ದಾರೆ ಅಂತ ಪೋಸ್ಟ್ ಹಾಕೋ ಮುಂಚೆ ಇದನ್ನು ನೋಡಿಕೊಳ್ಳಿ. ಹೊಲದ ಲೇಯರೂ ಅದೇ ಪ್ರೊಜೆಕ್ಷನ್‌ನಲ್ಲಿ ಇದ್ದಾಗ ಕ್ಯೂಜಿಐಎಸ್‌ನಲ್ಲಿ `area($geometry)` ಬಳಸಿದರೆ ಈ ಉಬ್ಬಿದ ಅಂಕಿ ಸಿಗುತ್ತೆ. `$area` ಬಳಸಿದರೆ, ಪ್ರಾಜೆಕ್ಟಿನಲ್ಲಿ ಎಲಿಪ್ಸಾಯ್ಡ್ ಸರಿಯಾಗಿ ಇಟ್ಟಿದ್ದರೆ, ನಿಜದ ಅಂಕಿ ಸಿಗುತ್ತೆ.

ಈಗ ಆ ಇನ್ನೊಂದು ಕಥೆ, ಮೂರು ಕಡೆ ಮೂರು ಥರ ತಪ್ಪುವ ಲೇಯರು. ಅದು ಬಹುತೇಕ ಗ್ರಾಮ ನಕ್ಷೆ. ಹಾವೇರಿ 1997ರವರೆಗೆ ಧಾರವಾಡ ಜಿಲ್ಲೆ, ಅದಕ್ಕೂ ಹಿಂದೆ ಮುಂಬೈ ಪ್ರಾಂತ. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿನ ಹೊಲಗಳನ್ನು ಅಳೆದದ್ದು 33 ಅಡಿಯ ಸರಪಳಿಯಿಂದ. ಸರಪಳಿ ಉದ್ದ, ಸರಪಳಿ ಅಗಲ ಅಂದ್ರೆ 1089 ಚದರಡಿ, ಅದೇ ನಮ್ಮ ಒಂದು ಗುಂಟೆ. ಅಳೆದವರಿಗೆ ಬೇಕಿದ್ದದ್ದು ಕಂದಾಯ, ಅಕ್ಷಾಂಶ ರೇಖಾಂಶ ಅಲ್ಲ. ಹಾಗಾಗಿ ಆ ನಕ್ಷೆಗೆ ಡೇಟಮ್ಮೇ ಇಲ್ಲ. ಎವರೆಸ್ಟ್ ಚೀಟಿ ಅಂಟಿಸಿ ಬದಲಿಸೋಣ ಅಂದರೆ ಬದಲಿಸೋಕೆ ಒಳಗೆ ಏನೂ ಇಲ್ಲ.

ಅದನ್ನು ನೆಲಕ್ಕೆ ಕೂರಿಸೋ ದಾರಿ ಒಂದೇ, ಕಲ್ಲು ಹುಡುಕೋದು. ಮೂರು ಊರಿನ ಗಡಿ ಕೂಡುವ ಕಲ್ಲು, ಕಿತ್ತಿಲ್ಲದ ಬಾಂದು ಕಲ್ಲು, ಹಳೆಯ ಬಾವಿ, ಇವುಗಳಿಗೆ ಹೋಗಿ ಜಿಪಿಎಸ್ ಓದಿ, ನಕ್ಷೆಯ ಅದೇ ಬಿಂದುಗಳಿಗೆ ಜೋಡಿಸಬೇಕು. ಆರೇಳು ಬಿಂದು ಸಾಕು, ಆದರೆ ಊರಿನ ನಾಲ್ಕೂ ಅಂಚಿಗೆ ಹರಡಿರಬೇಕು. ಎರಡು ಬಿಂದುಗಳನ್ನು ಜೋಡಣೆಗೆ ಬಳಸದೆ ಪರೀಕ್ಷೆಗೆ ಇಟ್ಟುಕೊಳ್ಳಿ. ಜಿಯೊರೆಫರೆನ್ಸರ್‌ನಲ್ಲಿ `Helmert` ಅಥವಾ `Polynomial 1` ಆರಿಸಿ. ಬಿಂದುಗಳು ಇನ್ನೂ ಹೆಚ್ಚಿದ್ದಾಗ `Polynomial 3` ಆರಿಸಿದರೆ ತಪ್ಪಿನ ಅಂಕಿ ಕಡಿಮೆ ಕಾಣುತ್ತೆ ಅಂತ ಆಸೆಯಾಗುತ್ತೆ. ಅದು ಬಿಂದುಗಳಿಗೆ ಹೊಂದಿಸೋಕೆ ಕಾಗದವನ್ನೇ ರಬ್ಬರಿನ ಹಾಗೆ ಬಗ್ಗಿಸಿರುತ್ತೆ, ನಡುವಿನ ಹೊಲಗಳು ಊದಿಕೊಂಡೋ ಕುಗ್ಗಿಯೋ ಇರುತ್ತವೆ. ಗೊತ್ತಾಗೋದು ಹೇಗೆ ಅಂದರೆ, ಜೋಡಿಸಿದ ನಕ್ಷೆಯಲ್ಲಿ ಹತ್ತು ಸರ್ವೆ ನಂಬರುಗಳ ವಿಸ್ತೀರ್ಣ ತೆಗೆದು ಆಕಾರ್‌ಬಂದ್ ಜೊತೆ ಹೋಲಿಸಿ. ಎಲ್ಲದರಲ್ಲೂ ಒಂದೇ ಪ್ರಮಾಣದ ವ್ಯತ್ಯಾಸ ಇದ್ದರೆ ಸ್ಕ್ಯಾನೋ ಸ್ಕೇಲೋ ತಪ್ಪಿದೆ, ಒಂದು ಮೂಲೆಯಲ್ಲಿ ಮಾತ್ರ ಇದ್ದರೆ ಅಲ್ಲಿನ ಕಲ್ಲನ್ನು ಅನುಮಾನಿಸಿ.

ಎಲ್ಲ ಸರಿ ಮಾಡಿದ ಮೇಲೂ ಒಂದು ಮಿತಿ ಉಳಿಯುತ್ತೆ. 1:7920 ಅಳತೆಯ ಗ್ರಾಮ ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಶಾಯಿ ಗೆರೆಯೇ ನೆಲದ ಮೇಲೆ ನಾಲ್ಕು ಮೀಟರ್. ದಿಶಾಂಕ್ ಆ್ಯಪಿನಲ್ಲಿ ನೀವು ನಿಂತ ಚುಕ್ಕಿ ಪಕ್ಕದ ನಂಬರಿಗೆ ನಾಲ್ಕೈದು ಮೀಟರ್ ಒಳಗೆ ಕಂಡರೆ ಅದರಿಂದ ಏನೂ ಸಾಬೀತಾಗಲ್ಲ, ನಿಮ್ಮ ಪರವಾಗಿಯೂ ಇಲ್ಲ, ವಿರುದ್ಧವಾಗಿಯೂ ಇಲ್ಲ. ಆ ಚುಕ್ಕಿ ತೋರಿಸಿ ಯಾರಾದರೂ ಒತ್ತುವರಿ ಅಂದರೆ ಹದ್ದುಬಸ್ತಿಗೆ ಅರ್ಜಿ ಹಾಕಿ, ಟಿಪ್ಪಣಿ ತರಿಸಿ, ಸರ್ವೇಯರ್ ಸರಪಳಿ ಹಿಡಿಯುವಾಗ ಪಕ್ಕದಲ್ಲೇ ನಿಲ್ಲಿ. ಆಕ್ಷೇಪಣೆಗೆ ನಕ್ಷೆ ಲಗತ್ತಿಸುವಾಗ ಅದರ ಮೂಲೆಯಲ್ಲಿ ಮೂರು ಸಾಲು ಬರೆಯಿರಿ: ಯಾವ ಲೇಯರು ಯಾವ ಚೀಟಿಯಲ್ಲಿತ್ತು, ಯಾವುದಕ್ಕೆ ಬದಲಿಸಿದಿರಿ, ಪರೀಕ್ಷೆಗೆ ಇಟ್ಟ ಕಲ್ಲುಗಳಲ್ಲಿ ಎಷ್ಟು ಮೀಟರ್ ತಪ್ಪು ಉಳಿಯಿತು. ಸರ್ಕಾರ ಕೊಟ್ಟ ನಕ್ಷೆಯಲ್ಲಿ ಈ ಮೂರು ಸಾಲು ಇಲ್ಲದಿದ್ದರೆ, ಅವನ್ನು ಕೇಳೋದನ್ನೇ ನಿಮ್ಮ ಆಕ್ಷೇಪಣೆಯ ಮೊದಲ ಅಂಶ ಮಾಡಿ.