ಮಾಲು ತಡವಾಗಿ ಬಂದರೆ ಆರ್ಡರ್ ರದ್ದು ಮಾಡಬಹುದೇ?

ಒಂದು ಖಾಸಗಿ ಶಾಲೆ 400 ಜೊತೆ ಸಮವಸ್ತ್ರಕ್ಕೆ ಆರ್ಡರ್ ಕೊಟ್ಟಿದೆ ಎನ್ನೋಣ. ಮೇ 20ರೊಳಗೆ ಬಟ್ಟೆ ಬರಬೇಕು, ಜೂನ್ ಮೊದಲ ವಾರ ಶಾಲೆ ಶುರು. ಆರ್ಡರ್ ಪತ್ರದ ಕೆಳಗೆ, ಯಾವುದೋ ಹಳೆಯ ಪತ್ರದಿಂದ ನಕಲು ಮಾಡಿದ ಸಾಲು: ‘ಅವಧಿಯೇ ಈ ಕರಾರಿನ ಜೀವಾಳ.’ ಮೇ 20 ಕಳೆಯಿತು, ಬಟ್ಟೆ ಬರಲಿಲ್ಲ. ಆರ್ಡರ್ ರದ್ದು ಮಾಡಿ ಮುಂಗಡ ವಾಪಸು ಕೇಳಬಹುದೇ?

ಇದಕ್ಕೆ ಉತ್ತರ 1872ರ ಭಾರತೀಯ ಕರಾರು ಕಾಯ್ದೆಯ 55ನೇ ಕಲಮಿನಲ್ಲಿದೆ. ಹೇಳಿದ ದಿನಕ್ಕೆ ಕೆಲಸ ಆಗಲೇಬೇಕು ಎಂಬುದು ಇಬ್ಬರ ಉದ್ದೇಶವೂ ಆಗಿದ್ದರೆ, ದಿನ ತಪ್ಪಿದ ಮೇಲೆ ಕೊಳ್ಳುವವರು ಕರಾರನ್ನೇ ಕೈಬಿಡಬಹುದು. ಉದ್ದೇಶ ಹಾಗಿರದಿದ್ದರೆ ರದ್ದು ಮಾಡುವಂತಿಲ್ಲ. ತಡವಾದುದರಿಂದ ಆದ ನಷ್ಟವನ್ನಷ್ಟೇ ಕೇಳಬಹುದು. ಸರಕು ಮಾರಾಟಕ್ಕೆ ಇರುವ 1930ರ ಕಾಯ್ದೆಯ 11ನೇ ಕಲಮು ಹಣ ಪಾವತಿಯ ದಿನಾಂಕವನ್ನು ಸಾಮಾನ್ಯವಾಗಿ ಅಷ್ಟು ಬಿಗಿಯಾಗಿ ನೋಡುವುದಿಲ್ಲ. ಮಾಲು ತಲುಪಿಸುವಂಥ ಉಳಿದ ಗಡುವುಗಳಿಗೆ ಕರಾರಿನ ಷರತ್ತುಗಳೇ ಆಧಾರ ಎನ್ನುತ್ತದೆ. ಆದರೂ ವ್ಯಾಪಾರದ ಮಾಲಿನ ವಿಷಯದಲ್ಲಿ ನ್ಯಾಯಾಲಯಗಳು ಗಡುವನ್ನು ಗಂಭೀರವಾಗಿಯೇ ತೆಗೆದುಕೊಳ್ಳುತ್ತವೆ. ಕಟ್ಟಡ ಕಾಮಗಾರಿಯಾದರೆ ಅಷ್ಟು ಬಿಗಿ ಇಲ್ಲ.

ಹಾಗಾದರೆ ಶಾಲೆಯವರು ಬರೆಸಿದ ಆ ಒಂದು ಸಾಲು ಸಾಕಲ್ಲವೇ? ಸಾಲದು. ಅದೇ ಪತ್ರದ ಮೇಲ್ಭಾಗದಲ್ಲಿ ‘ತಡವಾದ ಪ್ರತಿ ವಾರಕ್ಕೆ ಬಿಲ್ಲಿನಲ್ಲಿ ಶೇ. 1 ಕಡಿತ’ ಎಂದೂ, ‘ಅಗತ್ಯವಿದ್ದರೆ ಗಡುವು ವಿಸ್ತರಿಸಲಾಗುವುದು’ ಎಂದೂ ಇದ್ದರೆ ಪೂರೈಕೆದಾರರ ವಕೀಲರು ಹಿಡಿಯುವುದೇ ಆ ಎರಡು ಸಾಲನ್ನು. ತಡಕ್ಕೆ ಮೊದಲೇ ಬೆಲೆ ಕಟ್ಟಿದ್ದೀರಿ ಎಂದಮೇಲೆ ತಡವನ್ನು ನೀವೇ ಒಪ್ಪಿಕೊಂಡಂತಾಯಿತಲ್ಲ ಎಂಬುದು ಅವರ ವಾದ. 1979ರಲ್ಲಿ ಹಿಂದ್ ಕನ್‌ಸ್ಟ್ರಕ್ಷನ್ ಮತ್ತು ಮಹಾರಾಷ್ಟ್ರ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ಇದನ್ನೇ. ಅವಧಿಯೇ ಜೀವಾಳ ಎಂದು ಬರೆದಿದ್ದರೂ, ದಂಡ ಹಾಕುವ ಮತ್ತು ಗಡುವು ವಿಸ್ತರಿಸುವ ಷರತ್ತುಗಳು ಜೊತೆಗಿದ್ದರೆ ಆ ಮಾತು ಬಲ ಕಳೆದುಕೊಳ್ಳಬಹುದು. ಅದು ಕಾಲುವೆ ಕಾಮಗಾರಿಯ ಗುತ್ತಿಗೆಯೇನೋ ನಿಜ, ಆದರೆ ವಾದದ ಎಳೆ ಮಾಲಿನ ಆರ್ಡರಿಗೂ ತಾಗುತ್ತದೆ. ದಂಡವೂ ಬೇಕು, ರದ್ದು ಮಾಡುವ ಹಕ್ಕೂ ಬೇಕು ಎನ್ನುವವರು ಇಂತಿಷ್ಟು ದಿನದವರೆಗೆ ಕಡಿತ, ಅದು ದಾಟಿದರೆ ರದ್ದು ಎಂದು ಬಿಡಿಸಿ ಬರೆಯಬೇಕು. ಶಾಲೆ ತೆರೆಯುವ ದಿನಕ್ಕಾಗಿಯೇ ಈ ಬಟ್ಟೆ ಎಂಬ ಕಾರಣವನ್ನೂ ಪತ್ರದಲ್ಲಿ ಹೇಳಿದರೆ ಒಳ್ಳೆಯದು.

ಇನ್ನೂ ಹೆಚ್ಚು ಜನ ಎಡವುವುದು ಗಡುವು ದಾಟಿದ ಮೇಲೆ. ‘ಎರಡು ದಿನ ಕೊಡಿ ಸಾರ್’ ಎನ್ನುತ್ತಾರೆ, ನಾವು ಹೂಂ ಅನ್ನುತ್ತೇವೆ. ಹೀಗೆ ಎಂಟು ದಿನ ಎಳೆದ ಮೇಲೆ ಒಂದು ಬೆಳಿಗ್ಗೆ ಸಿಟ್ಟು ಬಂದು ರದ್ದು ಎಂದರೆ ಅದು ನಡೆಯುವುದು ಕಷ್ಟ. ಆ ಗಡುವನ್ನು ನಾವೇ ಬಿಟ್ಟುಕೊಟ್ಟಿರುತ್ತೇವೆ. ಹಾಗೆಂದು ಹಕ್ಕು ಶಾಶ್ವತವಾಗಿ ಹೋಗುವುದೂ ಇಲ್ಲ. ಇಂಗ್ಲೆಂಡಿನಲ್ಲಿ 1950ರಲ್ಲಿ ತೀರ್ಮಾನವಾದ, ನಮ್ಮ ವಕೀಲರೂ ಈಗಲೂ ಉಲ್ಲೇಖಿಸುವ ಒಂದು ಮೊಕದ್ದಮೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಗ್ರಾಹಕರೊಬ್ಬರು ರೋಲ್ಸ್ ರಾಯ್ಸ್ ಚಾಸಿಸ್ ಮೇಲೆ ಕಾರಿನ ಬಾಡಿ ಕಟ್ಟಿಸಲು ಕೊಟ್ಟಿದ್ದರು. 1948ರ ಮಾರ್ಚಿಗೆ ಸಿಗಬೇಕಿತ್ತು, ಸಿಗಲಿಲ್ಲ. ಅವರು ರದ್ದು ಮಾಡದೆ ಬೇಗ ಮುಗಿಸಿಕೊಡಿ ಎಂದು ಬೆನ್ನುಹತ್ತಿದರು. ಜೂನ್ ಕೊನೆಗೆ ಸಾಕಾಗಿ, ಜುಲೈ 25ರೊಳಗೆ ಕೊಡದಿದ್ದರೆ ತೆಗೆದುಕೊಳ್ಳುವುದಿಲ್ಲ ಎಂದು ಪತ್ರ ಬರೆದರು. ಕಾರು ಸಿದ್ಧವಾದದ್ದು ಅಕ್ಟೋಬರಿನಲ್ಲಿ. ಅವರು ಬೇಡ ಎಂದರು, ಗೆದ್ದರು. ಹಳೆಯ ಗಡುವನ್ನು ಬಿಟ್ಟುಕೊಟ್ಟಿದ್ದರೂ, ನ್ಯಾಯವಾದ ಕಾಲಾವಕಾಶ ಕೊಟ್ಟು ಹೊಸ ಗಡುವು ಕಟ್ಟುವ ಹಕ್ಕು ಕೊಳ್ಳುವವರಿಗೆ ಉಂಟು ಎಂದಿತು ನ್ಯಾಯಾಲಯ.

ನಮ್ಮ ಶಾಲೆಯೂ ಮೇ ಕೊನೆಗೆ ಹಾಗೆಯೇ ಒಂದು ಇ-ಮೇಲ್ ಕಳಿಸಬೇಕು: ‘ಜೂನ್ 5ರ ಸಂಜೆಯೊಳಗೆ 400 ಜೊತೆಯೂ ಬರಬೇಕು, ಬರದಿದ್ದರೆ ಆರ್ಡರ್ ರದ್ದು.’ ಅರ್ಧ ಹೊಲಿಗೆ ಮುಗಿದಿರುವವರಿಗೆ ಒಂದು ವಾರ ನ್ಯಾಯವಾದ ಅವಧಿಯೇ ಆಗಬಹುದು. ‘ನಾಳೆ ಬೆಳಿಗ್ಗೆ’ ಎಂದರೆ ಆಗದು. ಆ ದಿನವೂ ತಪ್ಪಿದರೆ ಮುಂಗಡ ವಾಪಸು ಕೇಳಬಹುದು. ಬೇರೆಡೆ ಜಾಸ್ತಿ ಬೆಲೆಗೆ ಕೊಂಡಿದ್ದರೆ ಆ ವ್ಯತ್ಯಾಸವನ್ನೂ ಕೇಳಬಹುದು. ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ, ಆದ್ದರಿಂದ ಬರೆದೇ ಕಳಿಸಬೇಕು.

ಮಕ್ಕಳು ಬಟ್ಟೆಯಿಲ್ಲದೆ ಕೂರುವುದು ಬೇಡವೆಂದು ತಡವಾಗಿ ಬಂದ ಮಾಲನ್ನೇ ತೆಗೆದುಕೊಳ್ಳುವುದಾದರೆ ಇನ್ನೊಂದು ಎಚ್ಚರ ಬೇಕು. ಗಡುವು ಜೀವಾಳವಾಗಿದ್ದ ಕರಾರಿನಲ್ಲಿ ತಡದ ಮಾಲನ್ನು ಒಪ್ಪಿಕೊಂಡರೆ, ಒಪ್ಪಿಕೊಳ್ಳುವ ಹೊತ್ತಿಗೇ ತಿಳಿಸದ ಹೊರತು ಆಮೇಲೆ ನಷ್ಟ ಕೇಳುವಂತಿಲ್ಲ ಎನ್ನುತ್ತದೆ ಅದೇ 55ನೇ ಕಲಮು. ಡೆಲಿವರಿ ಚಲನ್‌ಗೆ ಸಹಿ ಹಾಕುವ ಮೊದಲು ‘ತಡವಾಗಿ ಬಂದಿದೆ, ನಷ್ಟ ಪರಿಹಾರ ಕೇಳುತ್ತೇವೆ’ ಎಂದು ದಿನಾಂಕದೊಂದಿಗೆ ಬರೆಯಿರಿ, ಅದರ ಫೋಟೊ ತೆಗೆದಿಟ್ಟುಕೊಳ್ಳಿ.