ವೆಗಾ ಸೊನ್ನೆ ಮಾಡಿಕೊಂಡವನಿಗೆ ನಷ್ಟ ಬಂದದ್ದೆಲ್ಲಿಂದ?

ನಿಫ್ಟಿ 24,000ದಲ್ಲಿದೆ, ಎಕ್ಸ್‌ಪೈರಿಗೆ 30 ದಿನ ಬಾಕಿ ಇದೆ ಎಂದುಕೊಳ್ಳೋಣ. ಆಪ್ಷನ್ ವ್ಯಾಪಾರಿಯೊಬ್ಬ 24,000 ಸ್ಟ್ರೈಕಿನ 3 ಕಾಲ್ ಕೊಂಡು, 25,200 ಸ್ಟ್ರೈಕಿನ 8 ಕಾಲ್ ಮಾರುತ್ತಾನೆ. ಪ್ರೀಮಿಯಂನಲ್ಲಿ ಅಡಗಿರುವ ಏರಿಳಿತದ ಅಂದಾಜು, ಅಂದರೆ ಐವಿ, ಎರಡಕ್ಕೂ ಶೇ. 12. ಲೆಕ್ಕ ಹಗುರಾಗಲಿ ಎಂದು ಬಡ್ಡಿಯನ್ನು ಪಕ್ಕಕ್ಕಿಡೋಣ.

ಐವಿ ಒಂದು ಅಂಶ ಏರಿದರೆ ಪ್ರೀಮಿಯಂ ಎಷ್ಟು ರೂಪಾಯಿ ಏರುತ್ತದೆ ಎಂಬುದೇ ವೆಗಾ. ಹತ್ತಿರದ ಕಾಲ್‌ನ ವೆಗಾ ಸುಮಾರು 27.4, ದೂರದ್ದಕ್ಕೆ 10.3. ಮೂರು ಇಪ್ಪತ್ತೇಳೂವರೆ, ಎಂಟು ಹತ್ತೂಕಾಲು: ಎರಡು ಬದಿಯೂ 82ರ ಆಸುಪಾಸು. ಹಾಗಾಗಿ ಐವಿ ಏರಿದರೂ ಇಳಿದರೂ ತನಗೇನೂ ಆಗದು ಎಂದು ಅವನ ನಂಬಿಕೆ. ಪರದೆಯ ಮೇಲೂ ನಿವ್ವಳ ವೆಗಾ ಸೊನ್ನೆಗೆ ಹತ್ತಿರವೇ ಕಾಣುತ್ತದೆ.

ಈಗ ಐವಿ ದಿಢೀರನೆ 24ಕ್ಕೆ ಹಾರಿತು ಎನ್ನಿ. ಇದು ಕಟ್ಟುಕಥೆಯಲ್ಲ, 2018ರ ಫೆಬ್ರುವರಿ 5ರಂದು ಅಮೆರಿಕದ ವಿಕ್ಸ್ ಸೂಚ್ಯಂಕ ಒಂದೇ ದಿನದಲ್ಲಿ 17.31ರಿಂದ 37.32ಕ್ಕೆ ಏರಿತ್ತು. ನಮ್ಮ ಉದಾಹರಣೆಯಲ್ಲಿ ನಿಫ್ಟಿ ಕದಲಿಲ್ಲ ಎಂದಿಟ್ಟುಕೊಂಡರೂ ಹತ್ತಿರದ ಕಾಲ್ 329 ರೂಪಾಯಿಯಿಂದ 659ಕ್ಕೆ ಹೋಗುತ್ತದೆ, ಸರಿಯಾಗಿ ಇಮ್ಮಡಿ. ದೂರದ್ದು 30 ರೂಪಾಯಿಯಿಂದ 238ಕ್ಕೆ, ಹತ್ತಿರ ಹತ್ತಿರ ಎಂಟು ಪಟ್ಟು. ವ್ಯಾಪಾರಿಗೆ 3 ಕಾಲ್‌ಗಳಲ್ಲಿ ಸುಮಾರು 990 ರೂಪಾಯಿ ಲಾಭ, 8 ಕಾಲ್‌ಗಳಲ್ಲಿ 1,665 ನಷ್ಟ. ಇದನ್ನು ಲಾಟ್ ಗಾತ್ರದಿಂದ ಗುಣಿಸಿದಾಗ ಅವನ ಬೆವರು ಅರ್ಥವಾಗುತ್ತದೆ.

ತಪ್ಪು ಕೂಡುವ-ಕಳೆಯುವುದರಲ್ಲಿಲ್ಲ. ವೆಗಾ ನಿಂತಲ್ಲೇ ನಿಲ್ಲುತ್ತದೆ ಎಂದುಕೊಂಡದ್ದರಲ್ಲಿದೆ. ಐವಿ 24 ಆದಾಗ ಹತ್ತಿರದ ಕಾಲ್‌ನ ವೆಗಾ 27.4ರಲ್ಲೇ ಉಳಿದಿದೆ, ದೂರದ್ದು ಮಾತ್ರ 10.3ರಿಂದ 21.9ಕ್ಕೆ ಏರಿಬಿಟ್ಟಿದೆ. ಐವಿ ಬದಲಾದಂತೆ ವೆಗಾ ಹೀಗೆ ಬದಲಾಗುವ ವೇಗಕ್ಕೆ ವೊಮ್ಮಾ ಎನ್ನುತ್ತಾರೆ. ವೊಲ್ಗಾ ಎನ್ನುವವರೂ ಇದ್ದಾರೆ. ಹತ್ತಿರದ ಸ್ಟ್ರೈಕಿಗೆ ಅದು ಬಹುಮಟ್ಟಿಗೆ ಸೊನ್ನೆ.

ದೂರದ್ದಕ್ಕೆ ಮಾತ್ರ ಏಕೆ? ಶೇ. 12ರ ಐವಿಗೆ 30 ದಿನಗಳಲ್ಲಿ ನಿಫ್ಟಿಯ ಸಾಮಾನ್ಯ ಓಡಾಟ ಸುಮಾರು 825 ಅಂಶ. 25,200 ಇರುವುದು 1,200 ಅಂಶ ಆಚೆ, ಅಂದರೆ ಅಂಥ ಓಡಾಟದ ಒಂದೂವರೆ ಪಟ್ಟು ದೂರ. ಅಲ್ಲಿಗೆ ತಲುಪುವುದೇ ಅನುಮಾನವಾದ್ದರಿಂದ ಐವಿ ಅರ್ಧ ಅಂಶ ಏರಿದರೂ ಇಳಿದರೂ ಆ ಕಾಲ್‌ಗೆ ಅಷ್ಟೇನೂ ತಾಕದು. ಐವಿ 24 ಆದರೆ ಸಾಮಾನ್ಯ ಓಡಾಟವೇ 1,650 ಅಂಶ. ಸ್ಟ್ರೈಕ್ ಇದ್ದಲ್ಲೇ ಇದೆ, ಆದರೆ ಅದೀಗ ಮುಕ್ಕಾಲು ಪಟ್ಟಿಗಿಂತ ಕಡಿಮೆ ದೂರ. ಮಾರುಕಟ್ಟೆಯ ದೃಷ್ಟಿಯಲ್ಲಿ ಅದು ಪಕ್ಕದ ಸ್ಟ್ರೈಕಾಗಿದೆ, ವೆಗಾ ಕೂಡ ಪಕ್ಕದವರ ವೆಗಾದಂತೆ ವರ್ತಿಸುತ್ತದೆ. 24,000ದ ಸ್ಟ್ರೈಕಿಗೆ ಮೊದಲೂ ದೂರವಿರಲಿಲ್ಲ, ಈಗಲೂ ಇಲ್ಲ. ಹಾಗಾಗಿ ಅದಕ್ಕೆ ಹತ್ತಿರವಾಗಲು ಏನೂ ಉಳಿದಿಲ್ಲ.

ಇಲ್ಲೊಂದು ಎಚ್ಚರ ಬೇಕು. ‘ದೂರದ ಸ್ಟ್ರೈಕ್ ಹೆಚ್ಚು ಗಳಿಸುತ್ತದೆ’ ಎಂಬುದು ಪಟ್ಟುಗಳ ಮಾತು, ರೂಪಾಯಿಯ ಮಾತಲ್ಲ. ಒಂದೊಂದೇ ಕಾಲ್ ಹೋಲಿಸಿದರೆ ಹತ್ತಿರದ್ದು 329 ರೂಪಾಯಿ ಏರಿತು, ದೂರದ್ದು 208. ಆದರೆ ಹಾಕಿದ ಹಣಕ್ಕೆ ಹೋಲಿಸಿದಾಗ, ಅಥವಾ ಸಮಾನ ವೆಗಾಕ್ಕೆ ಹೋಲಿಸಿದಾಗ, ದೂರದ್ದೇ ಗೆಲ್ಲುತ್ತದೆ. ವೊಮ್ಮಾ ಕೂಡ ಸ್ಥಿರವಲ್ಲ. ಆರಂಭದ ವೊಮ್ಮಾ ಅಂಶಕ್ಕೆ ಸುಮಾರು 1.7; ಅದನ್ನೇ ಕೊನೆಯವರೆಗೂ ಎಳೆದು ಲೆಕ್ಕ ಹಾಕಿದರೆ ದೂರದ ಕಾಲ್ 278 ರೂಪಾಯಿ ಆಗಬೇಕಿತ್ತು. ವೆಗಾವನ್ನಷ್ಟೇ ನಂಬಿದ್ದರೆ 153. ನಿಜ ಬೆಲೆ 238. ಸ್ಟ್ರೈಕ್ ‘ಹತ್ತಿರ’ವಾದಂತೆ ವೊಮ್ಮಾ ಕುಗ್ಗುತ್ತದೆ ಎಂಬುದೇ ಈ ಅಂತರಕ್ಕೆ ಕಾರಣ.

ಹಾಗಾದರೆ ದೂರದ್ದನ್ನು ಕೊಂಡು ಕಾಯುತ್ತ ಕೂರಬಹುದೇ? ಮಾರುವವರೂ ಲೆಕ್ಕ ಬಲ್ಲವರು. ನಿಜ ಮಾರುಕಟ್ಟೆಯಲ್ಲಿ ಎಲ್ಲ ಸ್ಟ್ರೈಕಿಗೂ ಒಂದೇ ಐವಿ ಇರುವುದಿಲ್ಲ. ಮುಖ್ಯವಾಗಿ ಕೆಳಗಿನ ದೂರದ ಪುಟ್‌ಗಳಿಗೆ ಮೊದಲೇ ಹೆಚ್ಚು ಐವಿ ಹಾಕಿ ಮಾರುತ್ತಾರೆ. ಏರಿಳಿತ ಹಾರದಿದ್ದರೆ ಕೊಂಡವನ ಪ್ರೀಮಿಯಂ ದಿನದಿಂದ ದಿನಕ್ಕೆ ಕರಗುತ್ತದೆ. ಹಾರಿದರೂ ಅದು ನಿಲ್ಲಬೇಕೆಂದಿಲ್ಲ. 2024ರ ಜೂನ್ 4ರಂದು, ಲೋಕಸಭಾ ಚುನಾವಣೆಯ ಮತ ಎಣಿಕೆ ನಡೆದಾಗ, ಇಂಡಿಯಾ ವಿಕ್ಸ್ ದಿನದ ನಡುವೆ 30 ದಾಟಿತ್ತು. ಮರುದಿನವೇ 20ರ ಕೆಳಗಿಳಿಯಿತು. ಅಂದು ನಿಫ್ಟಿಯೂ ಸುಮಾರು ಶೇ. 6 ಕುಸಿದದ್ದರಿಂದ, ಐವಿ ಏರಿದ್ದರೂ ದೂರದ ಕಾಲ್ ಹಿಡಿದವರಿಗೆ ಅದು ಆಸರೆಯಾಗುವುದು ಕಷ್ಟವಿತ್ತು, ಲಾಭ ಪುಟ್‌ಗಳದ್ದು.

ನಮ್ಮ ವ್ಯಾಪಾರಿ ಮಾಡಬೇಕಿದ್ದ ಪರೀಕ್ಷೆ ದೊಡ್ಡದೇನಲ್ಲ. ಇಂದಿನ ವೆಗಾ ಒಂದನ್ನೇ ನೋಡದೆ, ಐವಿ 5, 10, 12 ಅಂಶ ಏರಿದರೆ ಪ್ರತಿ ಸ್ಟ್ರೈಕಿನ ಬೆಲೆ ಎಷ್ಟಾಗುತ್ತದೆ ಎಂದು ಆಪ್ಷನ್ ಕ್ಯಾಲ್ಕುಲೇಟರಿನಲ್ಲಿ ಹೊಸದಾಗಿ ಹಾಕಿ ನೋಡಿದ್ದರೆ ಸಾಕಿತ್ತು. 24ರ ಸಾಲಿನಲ್ಲಿ ಅವನ ನಿವ್ವಳ ವೆಗಾ ಸೊನ್ನೆಯಲ್ಲ, ಮೈನಸ್ 92. ಅಂದರೆ ಅಲ್ಲಿಂದ ಐವಿ ಇನ್ನೂ ಒಂದೊಂದು ಅಂಶ ಏರಿದಾಗಲೂ, ಲಾಟ್ ಗಾತ್ರ ಸೇರಿಸುವ ಮೊದಲೇ, 92 ರೂಪಾಯಿಗೂ ಹೆಚ್ಚು ನಷ್ಟ.